ಮೂರು ಸಾಲ, ಎರಡು ಕ್ರಮ: ಯಾವ ತಾರೀಖಿಗೆ ಯಾವುದನ್ನು ಕಟ್ಟಿದೆ

2024ರ ಮೇ ತಿಂಗಳಲ್ಲಿ ನನ್ನ ಹೆಸರಿನಲ್ಲಿ ನಾಲ್ಕು ಸಾಲಗಳಿದ್ದವು. ಕ್ರೆಡಿಟ್ ಕಾರ್ಡಿನಲ್ಲಿ 1,00,000 ರೂಪಾಯಿ, ಪಟ್ಟಣ ಸಹಕಾರಿ ಬ್ಯಾಂಕಿನಲ್ಲಿ ಚಿನ್ನದ ಮೇಲೆ 45,000, ಪತ್ತಿನ ಸಹಕಾರ ಸಂಘದಲ್ಲಿ 30,000 ಮತ್ತು ಒಂದು ಖಾಸಗಿ ಬ್ಯಾಂಕಿನ ವೈಯಕ್ತಿಕ ಸಾಲದ ಬಾಕಿ 1,40,000. ತಾಯಿಯವರ ಶಸ್ತ್ರಚಿಕಿತ್ಸೆಯೂ ಹುಬ್ಬಳ್ಳಿಯಲ್ಲಿ ಮನೆ ಬದಲಿಸಿದ್ದೂ ಒಂದೇ ವರ್ಷದಲ್ಲಿ ಬಂದಿದ್ದರಿಂದ ಇವು ಒಂದರ ಹಿಂದೊಂದು ಸೇರಿಕೊಂಡಿದ್ದವು. ಈ ಜೂನ್‌ನಲ್ಲಿ, ಅಂದರೆ 2025ರ ಜೂನ್‌ನಲ್ಲಿ, ಅವುಗಳಲ್ಲಿ ಮೂರು ಮುಗಿದಿವೆ. ಇಂಥದೇ ಗೊಂದಲದಲ್ಲಿರುವವರಿಗೆ ಉಪಯೋಗವಾಗಬಹುದೆಂದು ಲೆಕ್ಕವನ್ನು ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ.

ಮೊದಲ ಕೆಲಸ ಕಾಗದಪತ್ರ ಸೇರಿಸುವುದಾಗಿತ್ತು, ಅದಕ್ಕೇ ಊಹಿಸಿದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಕಾರ್ಡಿನ ಸ್ಟೇಟ್‌ಮೆಂಟ್ ಮೊಬೈಲಿನಲ್ಲೇ ಸಿಕ್ಕಿತು. ವೈಯಕ್ತಿಕ ಸಾಲದ ಮರುಪಾವತಿ ಪಟ್ಟಿ ಮತ್ತು ಮೂಲ ಒಪ್ಪಂದ ಪತ್ರಕ್ಕೆ ಶಾಖೆಯಲ್ಲಿ ಅರ್ಜಿ ಕೊಟ್ಟು ಕಾಯಬೇಕಾಯಿತು. ಸಹಕಾರ ಸಂಘದಲ್ಲಿ ಬಾಕಿಯ ವಿವರ ಲೆಡ್ಜರ್ ಪುಸ್ತಕದಲ್ಲಿತ್ತು. ಗುಮಾಸ್ತರು ಅದನ್ನು ನೋಡಿ ಒಂದು ಚೀಟಿಯಲ್ಲಿ ಬರೆದು ಮೊಹರು ಹಾಕಿಕೊಟ್ಟರು. ಚಿನ್ನದ ಸಾಲಕ್ಕೆ ಅಡವಿನ ರಸೀದಿಯೇ ದಾಖಲೆ. ಪ್ರತಿಯೊಂದು ಸಾಲಕ್ಕೂ ಐದು ವಿಷಯ ಬರೆದುಕೊಂಡೆ: ಇಂದಿನ ಬಾಕಿ, ತಿಂಗಳ ಬಡ್ಡಿ, ಕನಿಷ್ಠ ಎಷ್ಟು ಕಟ್ಟಲೇಬೇಕು, ಯಾವ ತಾರೀಖಿಗೆ ಕಟ್ಟಬೇಕು, ಅವಧಿಗೆ ಮುಂಚೆ ಅಸಲು ಕಟ್ಟಿದರೆ ದಂಡವಿದೆಯೇ. ನಿಮ್ಮ ಪಟ್ಟಿಯಲ್ಲಿ ಆರನೆಯದಾಗಿ ಸಾಲದ ಅವಧಿ ಮುಗಿಯುವ ದಿನವನ್ನೂ ಬರೆದುಕೊಳ್ಳಿ. ಅದು ಏಕೆ ಎಂಬುದು ಮುಂದೆ ಮಾರ್ಚ್ ತಿಂಗಳ ವಿಷಯ ಬಂದಾಗ ತಿಳಿಯುತ್ತದೆ.

ಐದನೆಯ ಪ್ರಶ್ನೆಯಿಂದಲೇ ವೈಯಕ್ತಿಕ ಸಾಲ ಹೋಲಿಕೆಯಿಂದ ಹೊರಗುಳಿಯಿತು. ಅದು ಶೇ. 15ರ ಸ್ಥಿರ ಬಡ್ಡಿಯ ಸಾಲ. ಅದರ ಒಪ್ಪಂದದಲ್ಲಿ ಭಾಗಶಃ ಮುಂಗಡ ಪಾವತಿಗೆ ಅವಕಾಶವೇ ಇರಲಿಲ್ಲ. ಪೂರ್ತಿ ತೀರಿಸುವುದಾದರೆ ಬಾಕಿಯ ಶೇ. 4 ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ. ಹೀಗಾಗಿ ಅದರ ಕಂತು 7,000 ರೂಪಾಯಿಯನ್ನು ಮನೆ ಬಾಡಿಗೆಯಂತೆ ಖರ್ಚಿನ ಬದಿಗೆ ಬರೆದು, ಉಳಿದ ಮೂರು ಸಾಲಗಳಿಗೆ ತಿಂಗಳಿಗೆ 16,000 ರೂಪಾಯಿ ಎಂದು ನಿಗದಿ ಮಾಡಿಕೊಂಡೆವು.

ಇನ್ನು ಬಡ್ಡಿಯ ಮಾತು. ಸಂಘದ ಸಾಲಕ್ಕೂ ಚಿನ್ನದ ಸಾಲಕ್ಕೂ ವರ್ಷಕ್ಕೆ ಶೇ. 12, ಅಂದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5 ಎಂದು ಅಚ್ಚಾಗಿತ್ತು, ಆದರೆ ಆ ಬಡ್ಡಿಯ ಮೇಲೂ ಶೇ. 18 ಜಿಎಸ್‌ಟಿ ಬೀಳುವುದರಿಂದ ಕೈಯಿಂದ ಹೋಗುವುದು ಶೇ. 4.13. ಮೇ 28ರ ಸ್ಟೇಟ್‌ಮೆಂಟಿನಲ್ಲಿ ಇದು ಕಣ್ಣಿಗೆ ಕಟ್ಟುವಂತಿತ್ತು: ಬಡ್ಡಿ 3,500, ಜಿಎಸ್‌ಟಿ 630, ಒಟ್ಟು ಬಾಕಿ 1,04,130, ಕನಿಷ್ಠ ಪಾವತಿ 5,207. ಆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಅದರಲ್ಲಿ 4,130 ಬಡ್ಡಿಗೂ ತೆರಿಗೆಗೂ ಹೋಗಿ, ಸಾಲ ಇಳಿಯುವುದು 1,077 ರೂಪಾಯಿ ಮಾತ್ರ. ಹೋಲಿಕೆ ಮಾಡುವಾಗ ಜಿಎಸ್‌ಟಿ ಸೇರಿಸಿದ ದರವನ್ನೇ ತೆಗೆದುಕೊಳ್ಳಬೇಕು. ಕಾರ್ಡನ್ನು ಆ ದಿನವೇ ಬೀರುವಿನಲ್ಲಿಟ್ಟೆವು. ಹಳೆಯ ಬಾಕಿ ಉಳಿದಿರುವಾಗ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಶುರುವಾಗುತ್ತದೆ. ಹೀಗಾಗಿ ಕಾರ್ಡ್ ಬಳಸುತ್ತಲೇ ತೀರಿಸುವ ಪಟ್ಟಿ ಎಂಬುದು ನಿಲ್ಲುವುದಿಲ್ಲ.

ಪ್ರಶ್ನೆ ಇದ್ದದ್ದು ಕ್ರಮದ ಬಗ್ಗೆ. ಸಣ್ಣ ಸಾಲವನ್ನು ಮೊದಲು ಮುಗಿಸುವುದಾದರೆ ಸಂಘ, ಚಿನ್ನ, ಕಾರ್ಡ್ ಈ ಸಾಲಿನಲ್ಲಿ ಹೋಗಬೇಕು. ಅಲ್ಲಿಯವರೆಗೆ ಕಾರ್ಡಿಗೆ ಕನಿಷ್ಠ ಮೊತ್ತ, ಚಿನ್ನಕ್ಕೆ ಬಡ್ಡಿ ಮಾತ್ರ. ಹೆಚ್ಚು ಬಡ್ಡಿಯದನ್ನು ಮೊದಲು ಮುಗಿಸುವುದಾದರೆ ಸಂಘಕ್ಕೆ ಕಡ್ಡಾಯ ಕಂತು 1,500, ಚಿನ್ನಕ್ಕೆ ಬಡ್ಡಿ 450 ಕೊಟ್ಟು ಉಳಿದ 14,050ನ್ನೂ ಕಾರ್ಡಿಗೆ ಸುರಿಯಬೇಕು. ಎರಡನ್ನೂ ಸ್ಪ್ರೆಡ್‌ಶೀಟಿನಲ್ಲಿ ತಿಂಗಳಿಗೊಂದು ಸಾಲಿನಂತೆ ಹಾಕಿದೆ. ಸೂತ್ರ ಒಂದೇ. B2ನಲ್ಲಿ ಹಿಂದಿನ ಬಾಕಿ, C2ನಲ್ಲಿ ಈ ತಿಂಗಳು ಕಟ್ಟುವ ಮೊತ್ತ:

```
=ROUND(B2*1.0413,0)-C2
```

ಉಳಿದ ಎರಡು ಸಾಲಗಳಿಗೆ 1.0413ರ ಬದಲು 1.01. ಪೂರ್ತಿ ಪಟ್ಟಿ ಉದ್ದವಾಯಿತು; ಇಲ್ಲಿ ಕೆಲವು ತಿಂಗಳುಗಳನ್ನು ಮಾತ್ರ ಕೊಡುತ್ತೇನೆ. ಪ್ರತಿ ಅಂಕಿಯೂ ಆ ತಿಂಗಳ ಕಂತುಗಳೆಲ್ಲ ಕಟ್ಟಿದ ಮೇಲೆ ಉಳಿಯುವ ಬಾಕಿ.

| ತಿಂಗಳು | ಸಣ್ಣದು ಮೊದಲು: ಕಾರ್ಡ್ | ಸಣ್ಣದು ಮೊದಲು: ಮೂರೂ ಸೇರಿ | ಹೆಚ್ಚು ಬಡ್ಡಿ ಮೊದಲು: ಕಾರ್ಡ್ | ಹೆಚ್ಚು ಬಡ್ಡಿ ಮೊದಲು: ಮೂರೂ ಸೇರಿ |
|---|---|---|---|---|
| ಜೂನ್ 2024 | 98,923 | 1,63,880 | 90,080 | 1,63,880 |
| ಆಗಸ್ಟ್ 2024 | 96,806 | 1,41,206 | 68,994 | 1,40,358 |
| ನವೆಂಬರ್ 2024 | 93,713 | 1,06,086 | 33,985 | 1,01,603 |
| ಫೆಬ್ರವರಿ 2025 | 69,306 | 69,306 | 0 | 58,215 |
| ಮೇ 2025 | 28,243 | 28,243 | 0 | 11,497 |

ಸಣ್ಣದನ್ನು ಮೊದಲು ಮುಗಿಸುವ ಪಟ್ಟಿ 2025ರ ಜುಲೈನಲ್ಲಿ ಮುಗಿಯುತ್ತಿತ್ತು, ಒಟ್ಟು ಬಡ್ಡಿ 46,963. ಇನ್ನೊಂದು ಜೂನ್‌ನಲ್ಲೇ ಮುಗಿಯುತ್ತಿತ್ತು, ಬಡ್ಡಿ 28,612. ವ್ಯತ್ಯಾಸ 18,351 ರೂಪಾಯಿ.

ಆದರೆ ಆಗಸ್ಟ್ ತಿಂಗಳ ಸಾಲನ್ನು ಇನ್ನೊಮ್ಮೆ ನೋಡಿ. ಮೂರು ತಿಂಗಳು ಕಟ್ಟಿದ ಮೇಲೆ ಎರಡೂ ಕ್ರಮಗಳ ಒಟ್ಟು ಬಾಕಿಯಲ್ಲಿ ಇರುವ ಅಂತರ ಒಂದು ಸಾವಿರವೂ ಇಲ್ಲ. ಅದೇ ಹೊತ್ತಿಗೆ ಸಣ್ಣದನ್ನು ಮೊದಲು ತೀರಿಸುವವರ ಕೈಯಲ್ಲಿ ಒಂದು ಸಾಲ ಮುಗಿದ ಪತ್ರವಿರುತ್ತದೆ, ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸುವ ನನ್ನಂಥವರ ಕೈಯಲ್ಲಿ ಏನೂ ಇರುವುದಿಲ್ಲ. ಲಾಭವೆಲ್ಲ ಮುಂದಿನ ತಿಂಗಳುಗಳಲ್ಲಿ ಬರುತ್ತದೆ, ಏಕೆಂದರೆ ಕಾರ್ಡಿನ ಬಾಕಿ ತೊಂಬತ್ತು ಸಾವಿರದ ಮೇಲೆ ನಿಂತಿರುವ ಒಂದೊಂದು ತಿಂಗಳೂ ನಾಲ್ಕು ಸಾವಿರದ ಹತ್ತಿರ ತಿನ್ನುತ್ತಲೇ ಇರುತ್ತದೆ. ಮೊದಲ ಮೂರು ತಿಂಗಳ ಅನುಭವದ ಮೇಲೆ ಯಾವ ಕ್ರಮ ಒಳ್ಳೆಯದೆಂದು ತೀರ್ಮಾನಿಸಿದರೆ ಸಣ್ಣದೇ ಗೆಲ್ಲುತ್ತದೆ.

ಮನೆಯಲ್ಲಿ ಇದರ ಬಗ್ಗೆ ಚರ್ಚೆ ಸುಲಭವಾಗಿರಲಿಲ್ಲ. ಅಡವಿಟ್ಟದ್ದು ನನ್ನ ಹೆಂಡತಿಯ ಪಾಟ್ಲಿಗಳನ್ನು. ಸಣ್ಣ ಸಾಲದಿಂದ ಶುರುಮಾಡಿದ್ದರೆ ಅವು ಜನವರಿಯಲ್ಲೇ ಮನೆಗೆ ಬರುತ್ತಿದ್ದವು. ನಾನು ಹೇಳಿದ ಕ್ರಮದಲ್ಲಿ ಜೂನ್. “ಒಂದರೆ ಪೂರ್ತಿ ಮುಗೀಲಿ ಮೊದ್ಲ. ನಾಕೂ ಕಡೆ ಸಾಲ ಇಟ್ಕೊಂಡು ನಿದ್ದಿ ಹೆಂಗ ಬರ್ತದ ನಿಮಗ?” ಎಂದು ಅವಳು ಕೇಳಿದ್ದರಲ್ಲಿ ಅರ್ಥವಿರಲಿಲ್ಲ ಎಂದು ಹೇಳಲಾರೆ. ಅದಕ್ಕಾಗಿ ಮೂರನೆಯ ಪಟ್ಟಿಯೊಂದನ್ನು ಹಾಕಿದೆ: ಸಂಘದ ಸಾಲವನ್ನು ಮಾತ್ರ ಮೊದಲು ಮುಗಿಸಿ, ಆಮೇಲೆ ಕಾರ್ಡಿಗೆ ಬಂದು, ಕೊನೆಗೆ ಚಿನ್ನ. ಅದರ ಬಡ್ಡಿ 35,590 ಬಂತು, ಅಂದರೆ ನನ್ನ ಕ್ರಮಕ್ಕಿಂತ ಸುಮಾರು 7,000 ಹೆಚ್ಚು, ಪೂರ್ತಿ ಸಣ್ಣದು ಮೊದಲು ಎಂಬುದಕ್ಕಿಂತ 11,000ಕ್ಕೂ ಮೀರಿ ಕಡಿಮೆ. ಎರಡು ದಾರಿಗಳೇ ಇವೆ ಎಂದು ಭಾವಿಸಬೇಕಾಗಿಲ್ಲ. ಲೆಕ್ಕದ ಬೀಜ ಇಷ್ಟೇ: ಕಾರ್ಡಿಗೆ ಹೋಗಬೇಕಾದ 10,000 ರೂಪಾಯಿಯನ್ನು ಶೇ. 12ರ ಸಾಲಕ್ಕೆ ಹಾಕಿದರೆ ತಿಂಗಳಿಗೆ 413 ಉಳಿಸುವ ಬದಲು 100 ಉಳಿಸುತ್ತೀರಿ, ಅಂದರೆ ತಿಂಗಳಿಗೆ 313 ರೂಪಾಯಿ ಬೆಲೆ ಕೊಡುತ್ತೀರಿ. ಆ ಬೆಲೆಗೆ ಸಿಗುವ ನೆಮ್ಮದಿ ಬೇಕೇ ಎಂಬುದು ಅವರವರ ಮನೆಯ ತೀರ್ಮಾನ. ನಮ್ಮ ಮನೆಯಲ್ಲಿ, ಸ್ವಲ್ಪ ಅಸಮಾಧಾನದೊಡನೆಯೇ, ಹೆಚ್ಚು ಬಡ್ಡಿಯ ಕ್ರಮಕ್ಕೆ ಒಪ್ಪಿಗೆಯಾಯಿತು.

ಮುಂದಿನದು ತಿಂಗಳೊಳಗಿನ ತಾರೀಖುಗಳು. ಸಂಬಳ ತಿಂಗಳ ಕೊನೆಯ ದಿನ ಜಮೆಯಾಗುತ್ತದೆ. ಕಾರ್ಡಿಗೆ 1ನೇ ತಾರೀಖು, ವೈಯಕ್ತಿಕ ಸಾಲದ ಕಂತು 5ಕ್ಕೆ ಖಾತೆಯಿಂದ ತಾನಾಗಿ ಕಡಿತ, ಸಂಘಕ್ಕೆ 7, ಚಿನ್ನದ ಬಡ್ಡಿ 10. ಕಾರ್ಡಿನ ಕೊನೆಯ ದಿನಾಂಕ 18 ಆಗಿದ್ದರೂ ನಾನು 1ಕ್ಕೇ ಕಟ್ಟುತ್ತಿದ್ದೆ. ಕಾರ್ಡಿನ ಬಡ್ಡಿಯನ್ನು ದಿನಲೆಕ್ಕದಲ್ಲಿ ಹಾಕುತ್ತಾರೆ. 14,050 ರೂಪಾಯಿ 17 ದಿನ ತಡವಾದರೆ ಜಿಎಸ್‌ಟಿ ಸೇರಿ ಸುಮಾರು 325 ರೂಪಾಯಿ ಬಡ್ಡಿ ಹೆಚ್ಚಾಗುತ್ತದೆ. ಕೊನೆಯ ದಿನಾಂಕದೊಳಗೆ ಕಟ್ಟಿದರೆ ದಂಡ ತಪ್ಪುತ್ತದೆ ಎಂಬುದು ನಿಜ, ಆದರೆ ಹಳೆಯ ಬಾಕಿ ಇರುವವರಿಗೆ ಬಡ್ಡಿ ತಪ್ಪುವುದಿಲ್ಲ.

ಇದರಲ್ಲಿ ಒಂದು ಎಚ್ಚರಿಕೆ ಬೇಕು. ನನ್ನ ಸ್ಟೇಟ್‌ಮೆಂಟ್ 28ಕ್ಕೆ ತಯಾರಾಗುತ್ತಿದ್ದುದರಿಂದ 1ರಂದು ಕಟ್ಟಿದ ಹಣ ಆ ಬಿಲ್ಲಿನ ಕನಿಷ್ಠ ಪಾವತಿಗೇ ಲೆಕ್ಕವಾಗುತ್ತಿತ್ತು. ನಿಮ್ಮ ಸ್ಟೇಟ್‌ಮೆಂಟ್ 3ನೇ ತಾರೀಖಿಗೆ ಬರುವುದಾದರೆ 1ರಂದು ಕಟ್ಟಿದ ಹಣ ಹಿಂದಿನ ಬಿಲ್ಲಿಗೆ ಸೇರುತ್ತದೆ. ಬಾಕಿ ಇಳಿಯುತ್ತದೆ, ನಿಜ, ಆದರೆ 3ರಂದು ಬರುವ ಹೊಸ ಬಿಲ್ಲಿನ ಕನಿಷ್ಠ ಮೊತ್ತವನ್ನು ಮತ್ತೆ ಕಟ್ಟಲೇಬೇಕು. ಇದನ್ನು ಗಮನಿಸದೆ ದಂಡ ಬಿದ್ದವರು ನನ್ನ ಪರಿಚಯದಲ್ಲೇ ಇದ್ದಾರೆ. ಹಾಗೆಯೇ 1ರಂದು ಉತ್ಸಾಹದಲ್ಲಿ ಎಲ್ಲವನ್ನೂ ಕಾರ್ಡಿಗೆ ಕಟ್ಟಿಬಿಟ್ಟು 5ಕ್ಕೆ ಖಾತೆಯಲ್ಲಿ 7,000 ಇಲ್ಲದಂತಾದರೆ, ಕಂತು ಬೌನ್ಸ್ ಆದ ಶುಲ್ಕವೇ ಆ ತಿಂಗಳ ಉಳಿತಾಯವನ್ನು ನುಂಗುತ್ತದೆ. ಹೀಗಾಗಿ ಸಂಬಳ ಬಂದ ರಾತ್ರಿಯೇ 8,950 ರೂಪಾಯಿಯನ್ನು, ಅಂದರೆ 5, 7 ಮತ್ತು 10ರ ಪಾವತಿಗಳ ಮೊತ್ತವನ್ನು, ಕಡಿತದ ಖಾತೆಗೆ ಬೇರೆ ಮಾಡಿಡುತ್ತಿದ್ದೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ನವೆಂಬರ್ ಬಿಲ್ಲಿನಲ್ಲಿ ಕಾರ್ಡಿನ ವಾರ್ಷಿಕ ಶುಲ್ಕ 500 ಮತ್ತು ಜಿಎಸ್‌ಟಿ 90 ಬಂದಿತ್ತು. ಬಳಸದ ಕಾರ್ಡಿಗೂ ಶುಲ್ಕ ಬೀಳುತ್ತದೆ ಎಂಬುದು ಪಟ್ಟಿಯಲ್ಲಿರಲಿಲ್ಲ. ಮನ್ನಾ ಮಾಡಿರೆಂದು ಕೇಳಿದ್ದು ಫಲಿಸಲಿಲ್ಲ.

ಡಿಸೆಂಬರಿನಲ್ಲಿ ಬೇರೊಂದು ತೊಡಕು ಬಂತು. ಸಂಘದ ಸಾಲಕ್ಕೆ ಜಾಮೀನು ನಿಂತಿದ್ದವರು ನನ್ನ ಸಹೋದ್ಯೋಗಿಯೊಬ್ಬರು. ಅವರಿಗೆ ಮಗಳ ಮದುವೆಗೆ ಅದೇ ಸಂಘದಲ್ಲಿ ಸಾಲ ಬೇಕಾಗಿತ್ತು, ಆದರೆ ನನ್ನ ಜಾಮೀನು ಇರುವವರೆಗೆ ಅವರಿಗೆ ಸಿಗುವ ಮಿತಿ ಕಡಿಮೆ. ಬಡ್ಡಿಯ ದರವೊಂದನ್ನೇ ನೋಡಿ ಸಾಲಗಳನ್ನು ಸಾಲಾಗಿ ನಿಲ್ಲಿಸಿದರೆ, ಒಂದು ಸಾಲದ ಹಿಂದೆ ಇನ್ನೊಬ್ಬರ ಅಗತ್ಯ ಕಟ್ಟಿಬಿದ್ದಿರುವುದು ಕಾಣುವುದಿಲ್ಲ. ಅವರು ಗಟ್ಟಿಯಾಗಿ ಕೇಳಲಿಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಕುಳಿತು, “ಯಾವಾಗ ಮುಗೀಬಹುದು ಅಂತೀರಿ?” ಎಂದರು. ನಾನು ಮೊಬೈಲಿನಲ್ಲಿದ್ದ ಪಟ್ಟಿ ತೆರೆದು ತೋರಿಸಿದೆ: ಫೆಬ್ರವರಿ 1ಕ್ಕೆ ಕಾರ್ಡ್ ಮುಗಿದು, 7ಕ್ಕೆ ಸಂಘಕ್ಕೆ 7,043, ಮಾರ್ಚ್ 7ಕ್ಕೆ 13,347 ಕಟ್ಟಿದರೆ ಬಾಕಿ ಸೊನ್ನೆ. ಅವರು ಬೆರಳಿನಿಂದ ಮಾರ್ಚ್ ಸಾಲಿನ ಮೇಲೆ ಸರಿಸಿ ನೋಡಿ, “ಹಂಗಾರ ಮದ್ವಿ ಏಪ್ರಿಲ್‌ದಾಗ ಅದ, ಮಾರ್ಚ್ ನಡೀತದ ಬಿಡ್ರಿ” ಎಂದು ಎದ್ದರು. ಮದುವೆ ಜನವರಿಯಲ್ಲಿದ್ದಿದ್ದರೆ ನಾನು ತಿಂಗಳಿಗೆ ಹತ್ತು ಸಾವಿರಕ್ಕೆ 313ರಂತೆ ಕೊಟ್ಟು ಕ್ರಮ ಬದಲಿಸುತ್ತಿದ್ದೆ, ಅದರಲ್ಲಿ ಎರಡು ಮಾತಿಲ್ಲ.

ಫೆಬ್ರವರಿ 1ರಂದು ಕಾರ್ಡಿನ ಪೂರ್ತಿ ಬಿಲ್ ಕಟ್ಟಿದೆ. ವಾರ್ಷಿಕ ಶುಲ್ಕ ಮತ್ತು 28ರಿಂದ 1ರವರೆಗಿನ ದಿನಗಳ ಬಡ್ಡಿ ಸೇರಿ ಅದು ಪಟ್ಟಿಯ 8,507ಕ್ಕಿಂತ ಒಂದು ಸಾವಿರದಷ್ಟು ಹೆಚ್ಚಿತ್ತು. ಅಲ್ಲಿಗೆ ಮುಗಿಯಿತೆಂದು ಕಾರ್ಡ್ ರದ್ದು ಮಾಡಲು ಹೋಗಬೇಡಿ. ಬಿಲ್ ತಯಾರಾದ ದಿನದಿಂದ ಹಣ ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಬರುತ್ತದೆ. ನನಗೆ ಐವತ್ತು ರೂಪಾಯಿಯಷ್ಟು ಬಂತು. ಸಣ್ಣ ಮೊತ್ತವೆಂದು ಬಿಟ್ಟರೆ ಅದೇ ಬಾಕಿಯೆಂದು ದಾಖಲಾಗುತ್ತದೆ. ಅದನ್ನೂ ಕಟ್ಟಿ, ಸೊನ್ನೆ ಬಾಕಿಯ ಸ್ಟೇಟ್‌ಮೆಂಟ್ ಬಂದ ಮೇಲೆ ರದ್ದತಿಗೆ ಬರೆದು, ಬಾಕಿ ಇಲ್ಲವೆಂಬ ಪತ್ರ ತರಿಸಿಕೊಂಡೆ.

ಮಾರ್ಚ್ 7ಕ್ಕೆ ಸಂಘದ ಸಾಲ ಮುಗಿಯಿತು. ಹೆಚ್ಚುಕಡಿಮೆಯಾಗಿದ್ದ ಒಂದು ಸಾವಿರವನ್ನೂ ಆ ತಿಂಗಳೇ ಸರಿದೂಗಿಸಿಕೊಂಡೆ. ಜಾಮೀನುದಾರರ ಬಿಡುಗಡೆಯನ್ನು ಪತ್ರದಲ್ಲಿ ಹೆಸರು ಸಹಿತ ಬರೆಯಿರಿ ಎಂದು ಕೇಳಿ ಪಡೆಯಬೇಕು. ಸಾಲ ತೀರಿದೆ ಎಂದಷ್ಟೇ ಬರೆದ ಪತ್ರದಿಂದ ಅವರ ಕಡತ ತಾನಾಗಿ ಬದಲಾಗಲಿಲ್ಲ, ಗುಮಾಸ್ತರು ಇನ್ನೊಂದು ಪತ್ರ ಮಾಡಿಕೊಡಬೇಕಾಯಿತು.

ನಿಜವಾದ ಪೆಟ್ಟು ಅದೇ ತಿಂಗಳ ಮೂರನೆಯ ವಾರದಲ್ಲಿ ಬಂತು. ಚಿನ್ನದ ಸಾಲದ ಅವಧಿ ಒಂದು ವರ್ಷ, ಮಾರ್ಚ್ 22ಕ್ಕೆ ಮುಗಿಯುತ್ತಿತ್ತು. ಹಿಂದಿನ ಅನುಭವದಂತೆ ಬಡ್ಡಿ ಕಟ್ಟಿದರೆ ಇನ್ನೊಂದು ವರ್ಷಕ್ಕೆ ನವೀಕರಣವಾಗುತ್ತದೆ ಎಂದುಕೊಂಡು ಹೋದರೆ, ಈ ಸಲ ಹಾಗಿಲ್ಲ, ಅಸಲು ಪೂರ್ತಿ ಕಟ್ಟಿ ಸಾಲ ಮುಗಿಸಿ, ಬೇಕಾದರೆ ಹೊಸದಾಗಿ ಅಡವಿಡಿ ಎಂದರು. 2024ರ ಸೆಪ್ಟೆಂಬರ್ 30ರಂದು ರಿಸರ್ವ್ ಬ್ಯಾಂಕ್ ಚಿನ್ನದ ಸಾಲಗಳಲ್ಲಿ ಕಂಡ ಲೋಪಗಳ ಬಗ್ಗೆ ಸುತ್ತೋಲೆ ಹೊರಡಿಸಿತ್ತು. ಅದಾದ ಮೇಲೆ ಹಲವು ಕಡೆ ಬರಿ ಬಡ್ಡಿಯ ಮೇಲೆ ಮುಂದುವರಿಸುವುದು ನಿಂತಿದೆ. ನನ್ನ ಪಟ್ಟಿಯಲ್ಲಿ ಚಿನ್ನ ಕೊನೆಯಲ್ಲಿತ್ತು, ಅಸಲು 45,000 ಹಾಗೆಯೇ ಇತ್ತು, ಕೈಯಲ್ಲಿ ಎರಡು ಸಾವಿರವೂ ಇರಲಿಲ್ಲ.

ಭಾವನವರು ಎರಡು ದಿನಕ್ಕೆ 45,000 ಕೊಟ್ಟರು. ಶುಕ್ರವಾರ ಹಳೆಯ ಸಾಲ ಮುಗಿಸಿ ರಸೀದಿಯ ಹಿಂಬದಿಗೆ ಸಹಿ ಹಾಕಿ ಪಾಟ್ಲಿಗಳನ್ನು ಬಿಡಿಸಿಕೊಂಡೆವು, ಮುಂದಿನ ಸೋಮವಾರ ಅದೇ ಕೌಂಟರಿನಲ್ಲಿ ಮತ್ತೆ ಇಟ್ಟೆವು. ಚಿನ್ನ ಪರೀಕ್ಷಿಸುವವರು ಪಾಟ್ಲಿಯ ಒಳಬದಿಯನ್ನು ಒರೆಗಲ್ಲಿಗೆ ಎಳೆದು, ಆ ಗೆರೆಯ ಮೇಲೆ ಆಸಿಡ್ ಹನಿ ಬಿಟ್ಟು, ಬಣ್ಣ ನಿಲ್ಲುತ್ತದೆಯೇ ಎಂದು ನೋಡುವವರೆಗೂ ನನ್ನ ಹೆಂಡತಿ ಅವರ ಕೈಯಿಂದ ಕಣ್ಣು ತೆಗೆಯಲಿಲ್ಲ. ಚಿನ್ನದ ದರ ವರ್ಷದಲ್ಲಿ ಏರಿದ್ದರಿಂದ ಇನ್ನೂ ಹೆಚ್ಚು ಸಾಲ ಕೊಡುತ್ತೇವೆ ಎಂದರು. 43,500 ಸಾಕು ಎಂದೆವು. ಪರೀಕ್ಷೆಯ ಶುಲ್ಕ, ಸ್ಟಾಂಪ್ ಸೇರಿ ಐದುನೂರರ ಹತ್ತಿರ ಖರ್ಚಾಯಿತು, ಭಾವನವರಿಗೆ ಕೊರತೆ ಬಿದ್ದದ್ದನ್ನು ಏಪ್ರಿಲ್ ಸಂಬಳದ ಮೊದಲೇ ಹೊಂದಿಸಿಕೊಟ್ಟೆವು. ಭಾವನವರಂಥವರು ಇಲ್ಲದಿದ್ದರೆ ಏನು ಮಾಡಬೇಕಿತ್ತು ಎಂದು ಆಮೇಲೆ ಲೆಕ್ಕ ಹಾಕಿದೆ. ಜನವರಿಯಿಂದಲೇ ಕಾರ್ಡಿಗೆ ಕಡಿಮೆ ಕಟ್ಟಿ ಹಣ ಕೂಡಿಟ್ಟಿದ್ದರೂ ಮಾರ್ಚ್ 22ಕ್ಕೆ 45,000 ಆಗುತ್ತಿರಲಿಲ್ಲ. ನವೆಂಬರಿನ ಹೊತ್ತಿಗೇ ಅವಧಿ ಮುಗಿಯುವ ದಿನವನ್ನು ಕಂಡು, ಹೊಸದಾಗಿ ಅಡವಿಡುವ ಏರ್ಪಾಡನ್ನು ಬ್ಯಾಂಕಿನಲ್ಲಿ ಕೇಳಿಕೊಂಡಿರಬೇಕಿತ್ತು. ಅವಧಿ ಮುಗಿಯುವ ದಿನ ಹತ್ತಿರವಿರುವ ಸಾಲ ನಿಮ್ಮ ಪಟ್ಟಿಯಲ್ಲಿದ್ದರೆ, ಬಡ್ಡಿ ಎಷ್ಟೇ ಕಡಿಮೆಯಿರಲಿ, ಆ ದಿನದಂದು ಅಸಲು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಬರೆದು, ಆಮೇಲೆ ಉಳಿದ ಹಣಕ್ಕೆ ಕ್ರಮ ಹಾಕಿ.

ಏಪ್ರಿಲ್, ಮೇ ತಿಂಗಳ 10ಕ್ಕೆ 16,000ದಂತೆ ಕಟ್ಟಿ, ಜೂನ್ 10ಕ್ಕೆ 12,000 ಚಿಲ್ಲರೆ ಕಟ್ಟಿ ಚಿನ್ನ ಬಿಡಿಸಿಕೊಂಡೆವು. ಬಿಡಿಸುವಾಗ ಮೂಲ ರಸೀದಿಯೂ ಆಧಾರ್ ಕಾರ್ಡೂ ಬೇಕು, ಸಾಲಗಾರರೇ ಹೋಗಬೇಕು. ತೂಕವನ್ನು ರಸೀದಿಯಲ್ಲಿ ಬರೆದ ತೂಕದೊಡನೆ ಅಲ್ಲೇ ನಿಂತು ಹೋಲಿಸಿ ನೋಡಿ. ಕ್ರೆಡಿಟ್ ವರದಿಯನ್ನು ಸಿಬಿಲ್ ತಾಣದಿಂದ ತೆಗೆಸಿದೆ. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯಿಂದಲೂ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ. 2025ರ ಜನವರಿಯಿಂದ ಸಾಲದಾತರು ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳುಹಿಸಬೇಕಾಗಿದ್ದುದರಿಂದ ಕಾರ್ಡ್ ಮುಗಿದದ್ದು ವರದಿಯಲ್ಲಿ ಆಗಲೇ ಕಾಣುತ್ತಿತ್ತು.

ಈಗ ಉಳಿದಿರುವುದು ವೈಯಕ್ತಿಕ ಸಾಲ, ಜೂನ್ ಕಂತಿನ ನಂತರ ಬಾಕಿ ಸುಮಾರು 66,400. ತಿಂಗಳಿಗೆ 16,000 ಬಿಡುವಾಗಿದೆ, ಸೆಪ್ಟೆಂಬರ್ ಹೊತ್ತಿಗೆ 48,000 ಸೇರುತ್ತದೆ, ಆಗ ಬಾಕಿ 47,600 ಇರುತ್ತದೆ. ಒಮ್ಮೆಲೇ ಮುಗಿಸಿಬಿಡೋಣ ಎಂದು ಮನೆಯಲ್ಲಿ ಎಲ್ಲರಿಗೂ ಅನ್ನಿಸಿತ್ತು. ಮುಂಗಡ ಮುಕ್ತಾಯದ ಶುಲ್ಕ ಜಿಎಸ್‌ಟಿ ಸೇರಿ ಸುಮಾರು 2,250 ಬೀಳುತ್ತದೆ; ಮುಗಿಸದೆ ಕಂತು ಕಟ್ಟುತ್ತ ಹೋದರೆ ಉಳಿದ ಬಡ್ಡಿ ಸುಮಾರು 2,470. ಇನ್ನೂರು ಚಿಲ್ಲರೆ ಉಳಿತಾಯಕ್ಕಾಗಿ ಕೈಯಲ್ಲಿರುವ ಹಣವನ್ನೆಲ್ಲ ಬರಿದು ಮಾಡುವುದಕ್ಕೆ ಅರ್ಥವಿಲ್ಲವೆಂದು, 5ನೇ ತಾರೀಖಿನ ಕಂತು ತನ್ನ ಪಾಡಿಗೆ ಹೋಗುವಂತೆ ಬಿಟ್ಟು, ಆ 16,000ವನ್ನು ಈಗ ತಿಂಗಳ 1ಕ್ಕೆ ಆವರ್ತ ಠೇವಣಿಗೆ ಹಾಕುತ್ತಿದ್ದೇವೆ.